ಲಾಂಛನ ಬಿಡಿಸುವ ಭಾಷಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಒಂದು ಬಗೆಯ ಭಾಷಣಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚಿನ ಹೆಸರು ಬಂದಿದೆ. ಶಾಲೆ ಹೊಸ ಲಾಂಛನ ಮಾಡಿಸುತ್ತದೆ. ಬೆಳಗಿನ ಪ್ರಾರ್ಥನೆಗೆ ಪೋಷಕರನ್ನೂ ಕರೆಯುತ್ತಾರೆ. ಪ್ರಾಂಶುಪಾಲರು ಫ್ಲೆಕ್ಸಿನ ಮುಂದೆ ನಿಂತು ಲಾಂಛನವನ್ನೂ ಧ್ಯೇಯವಾಕ್ಯವನ್ನೂ ವಿವರಿಸುತ್ತಾರೆ. ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಎಷ್ಟು ಅರ್ಥಗರ್ಭಿತವಾಗಿ ಬಿಡಿಸಿ ಹೇಳಿದರು! ಈ ಬಿಡಿಸಿ ಹೇಳುವಿಕೆಯೇ ಭಾಷಣದ ದೊಡ್ಡ ದೋಷ ಎಂದು ನನಗನ್ನಿಸುತ್ತದೆ.

ಆ ಭಾಗವನ್ನೇ ನೋಡೋಣ. ಅದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರ. ತೆರೆದ ಪುಸ್ತಕ ಎಂದರೆ ವಿದ್ಯೆ, ದೀಪ ಎಂದರೆ ಬೆಳಕು, ತಾವರೆ ಎಂದರೆ ಶುದ್ಧ ಮನಸ್ಸು, ಸೂರ್ಯನ ಕಿರಣ ಎಂದರೆ ಪ್ರಗತಿ, ಎರಡು ಕೈಗಳು ಎಂದರೆ ಗುರು ಮತ್ತು ಪೋಷಕರ ಆಶ್ರಯ. ಪ್ರಾಂಶುಪಾಲರ ಕೈಯ ಕೋಲು ಒಂದೊಂದರ ಮೇಲೆ ನಿಲ್ಲುತ್ತದೆ, ಒಂದೊಂದಕ್ಕೂ ಒಂದು ಅರ್ಥ ಸಿಗುತ್ತದೆ. ಆದರೆ ಕೇಳುತ್ತಿರುವ ಆರನೇ ತರಗತಿಯ ಹುಡುಗಿಗೆ ಇಲ್ಲಿ ಹೊಸದಾಗಿ ಏನು ತಿಳಿಯಿತು? ಪುಸ್ತಕ ಎಂದರೆ ಓದು ಎಂಬುದು ಅವಳಿಗೆ ಮೊದಲೇ ಗೊತ್ತು. ಇದು ತನ್ನ ಶಾಲೆಯ ಗುರುತು ಹೇಗೆ, ಪಕ್ಕದ ಊರಿನ ಶಾಲೆಯದು ಯಾಕಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಲಾಗುವುದೂ ಇಲ್ಲ, ಯಾಕೆಂದರೆ ಪಕ್ಕದ ಶಾಲೆಯ ಲಾಂಛನದಲ್ಲೂ ಇರುವುದು ಇದೇ ಪುಸ್ತಕ, ಇದೇ ದೀಪ. ಗುರುತಿನ ಮೊದಲ ಕೆಲಸ ಬೇರೆಯವರಿಂದ ಪ್ರತ್ಯೇಕಿಸುವುದು. ಅದು ಆಗದಿದ್ದಾಗ ವಿವರಣೆ ಉದ್ದವಾಗುತ್ತದೆ.

ಇದರ ಪೆಟ್ಟು ಬೀಳುವುದು ಅಂಗಿಯ ಜೇಬಿನ ಮೇಲೆ. ಫ್ಲೆಕ್ಸಿನಲ್ಲಿ ಆಳೆತ್ತರ ಇದ್ದ ಚಿತ್ರ ಸಮವಸ್ತ್ರದ ಮೇಲೆ ಎರಡಂಗುಲಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಕಸೂತಿಯ ಸೂಜಿಗೆ ದೀಪದ ಕುಡಿ, ತಾವರೆಯ ಎಸಳು, ಸೂರ್ಯನ ಕಿರಣ ಎಲ್ಲವನ್ನೂ ಅಷ್ಟು ಜಾಗದಲ್ಲಿ ಬೇರೆಬೇರೆಯಾಗಿ ತೋರಿಸಲು ಬರುವುದಿಲ್ಲ. ಕೆಳಗಿನ ಪಟ್ಟಿಯ ಸಂಸ್ಕೃತ ವಾಕ್ಯದ ಒತ್ತಕ್ಷರಗಳು ಮೊದಲು ಹೋಗುತ್ತವೆ. ನಾಲ್ಕು ಸಲ ಒಗೆದ ಮೇಲೆ ಉಳಿಯುವುದು ಹಳದಿ ದಾರದ ಗಂಟು. ಲಾಂಛನವನ್ನು ಪರೀಕ್ಷಿಸುವ ಜಾಗ ಜೇಬು, ಫ್ಲೆಕ್ಸ್ ಅಲ್ಲ. ಅದನ್ನು ಒಂದು ಸಲ ನೋಡಿದ ಮಗು ಮನೆಗೆ ಹೋಗಿ ಸ್ಲೇಟಿನ ಮೇಲೆ ನೆನಪಿನಿಂದ ಬರೆಯಲಾದರೆ ಅದು ಗೆದ್ದಂತೆ.

ಗೆಲ್ಲುವ ಸಾಮಗ್ರಿ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಂದೇ ಗೆರೆಯಲ್ಲಿ ಬರೆಯಬಹುದು. ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ, ಅವುಗಳ ಸುರುಳಿ ಕೊಂಬನ್ನು ಬೇರಾವುದೆಂದೂ ತಪ್ಪು ತಿಳಿಯಲಾಗದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರಿನೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಆ ಸುತ್ತಿನ ಶಾಲೆಯೊಂದು ಹುಣಸೆಯ ಕೊಂಬೆ, ಅದರ ಮೇಲೊಂದು ಕೊಕ್ಕರೆ ಇಟ್ಟುಕೊಂಡರೆ ಪ್ರಾಂಶುಪಾಲರು ಕೋಲು ಹಿಡಿಯಬೇಕಾಗಿಲ್ಲ. ಆಗ ಅವರು ಹಕ್ಕಿಯ ಕಥೆಯನ್ನೇ ಹೇಳಬಹುದು, ಮಕ್ಕಳು ಅದಕ್ಕೆ ತಮಗೆ ಗೊತ್ತಿರುವುದನ್ನೂ ಸೇರಿಸಬಹುದು. (ಸರ್ಕಾರದ್ದೇ ಎನ್ನುವ ಗೌರವ ಬರಲಿ ಎಂದು ನಾಲ್ಕು ಸಿಂಹಗಳನ್ನು ಸೇರಿಸುವ ಆಸೆ ಕೆಲವರಿಗಿದೆ. ರಾಷ್ಟ್ರಲಾಂಛನದ ಅನುಚಿತ ಬಳಕೆಯನ್ನು ತಡೆಯುವ 2005ರ ಕಾಯ್ದೆ ಇರುವುದನ್ನು ಚಿತ್ರ ಬರೆಸುವ ಮೊದಲೇ ತಿಳಿದಿರಬೇಕು.)

ಧ್ಯೇಯವಾಕ್ಯಕ್ಕೆ ಬರುತ್ತೇನೆ. ಕೇಂದ್ರೀಯ ವಿದ್ಯಾಲಯ, ನವೋದಯಗಳು ಉಪನಿಷತ್ತಿನಿಂದ, ಮೈಸೂರು ವಿಶ್ವವಿದ್ಯಾಲಯ ಗೀತೆಯಿಂದ ಆರಿಸಿಕೊಂಡ ಮೇಲೆ ಸಣ್ಣ ಶಾಲೆಗಳೂ ಅದೇ ದಾರಿ ಹಿಡಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 'ಅರಿವೇ ಗುರು' ಎಂದು ಕನ್ನಡದಲ್ಲೇ ಎರಡು ಪದ ಇಟ್ಟುಕೊಂಡಿದೆ, ಆ ಮಾದರಿ ಯಾಕೋ ಹರಡಲಿಲ್ಲ. ಭಾಷೆಗಿಂತ ನನಗೆ ಮುಖ್ಯವಾದದ್ದು ಇನ್ನೊಂದು: ಧ್ಯೇಯವಾಕ್ಯದಿಂದ ಯಾರು ಯಾರಿಗೆ ಬದ್ಧರಾಗುತ್ತಾರೆ? ನಮ್ಮ ಭಾಷಣಗಳಲ್ಲಿ ಈ ಹೊರೆಯೆಲ್ಲ ಮಕ್ಕಳ ಮೇಲೆ. ನೀವು ಶಿಸ್ತು ಕಲಿಯಬೇಕು, ನೀವು ಸತ್ಯ ಹೇಳಬೇಕು, ನೀವು ಶಾಲೆಗೆ ಕೀರ್ತಿ ತರಬೇಕು. ಶಾಲೆ ಏನು ಮಾಡುತ್ತದೆ ಎಂಬ ಒಂದು ವಾಕ್ಯಕ್ಕಾಗಿ ಕೊನೆಯವರೆಗೂ ಕಾಯಬೇಕು, ಅದು ಬರುವುದಿಲ್ಲ.

2024ರ ಫೆಬ್ರವರಿಯಲ್ಲಿ ರಾಜ್ಯವೆಲ್ಲ ಮಾತಾಡಿದ ಪ್ರಕರಣ ಇದಕ್ಕೆ ಸರಿಯಾದ ಸಾಕ್ಷಿ. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಬಾಗಿಲಲ್ಲಿದ್ದ 'ಜ್ಞಾನ ದೇಗುಲವಿದು, ಕೈಮುಗಿದು ಒಳಗೆ ಬಾ' ಎಂಬ ಬರಹ ಕೆಲವೆಡೆ 'ಜ್ಞಾನ ದೇಗುಲವಿದು, ಧೈರ್ಯವಾಗಿ ಪ್ರಶ್ನಿಸಿ' ಎಂದಾಯಿತು. ಕುವೆಂಪು ಅವರಿಗೆ ಅವಮಾನವಾಯಿತು ಎಂದು ವಿರೋಧ ಪಕ್ಷ ಕೂಗಿತು. ಪ್ರಶ್ನಿಸುವುದರಲ್ಲಿ ತಪ್ಪೇನು ಎಂದು ಸರ್ಕಾರದ ಕಡೆಯವರು ಕೇಳಿದರು. ನಮ್ಮ ಅಂಕಣಕಾರರು ಈ ಎರಡು ಸಾಲಲ್ಲಿ ನಿಂತು ಭಕ್ತಿ ಮೇಲೋ ವಿಚಾರ ಮೇಲೋ ಎಂದು ಜಗಳವಾಡಿದರು.

ಎರಡೂ ಕಡೆಯವರ ಓದು ಅವಸರದ್ದು. ಕುವೆಂಪು ಕೈಮುಗಿಯಲು ಹೇಳಿದ್ದು ಸೋಮನಾಥಪುರದ ದೇವಾಲಯದ ಮುಂದೆ, ಯಾತ್ರಿಕನಿಗೆ, ಅಲ್ಲಿನ ಶಿಲ್ಪಕಲೆಯನ್ನು ಕುರಿತು. ಶಾಲೆಯ ಬಾಗಿಲಿನ ಸಾಲು ಅದರ ನೆರಳು, ಆ ಕವಿತೆಯ ಸಾಲಲ್ಲ. ಹಾಗಾಗಿ ಅವಮಾನದ ವಾದಕ್ಕೆ ನೆಲೆ ಕಡಿಮೆ. ಇನ್ನು ಹೊಸ ಬರಹವನ್ನು ವೈಚಾರಿಕ ಗೆಲುವೆಂದು ಹೊಗಳಿದವರು ಬಣ್ಣ ಬಳಿದರೆ ಸಾಕೆಂದು ನಂಬಿದಂತಿದೆ. ಹಳೆಯ ಸಾಲು ಮಗುವಿನಿಂದ ಕೇಳಿದ್ದನ್ನು ಮಗು ತಾನೊಂದೇ ಮಾಡಿ ಮುಗಿಸಬಹುದಿತ್ತು: ಕೈಮುಗಿಯಬೇಕು, ಒಳಗೆ ಹೋಗಬೇಕು. ಹೊಸ ಸಾಲಿಗೆ ಎದುರಿಗೊಬ್ಬರು ಬೇಕು. ಪ್ರಶ್ನಿಸು ಎಂದವರು ಉತ್ತರಿಸಲು ನಿಲ್ಲಬೇಕು. ಅಂದರೆ ಇದು ಗೋಡೆಗಿಂತ ಮೊದಲು ಪ್ರಾರ್ಥನೆಯ ಸಾಲಿನ ಮುಂದೆ, ಪ್ರಾಂಶುಪಾಲರ ಬಾಯಲ್ಲಿ ಬರಬೇಕಾದ ವಾಕ್ಯ. ಅಷ್ಟು ವಾರ ನಡೆದ ಜಗಳದಲ್ಲಿ ಅದನ್ನು ಮಕ್ಕಳಿಗೆ ಯಾರು, ಯಾವ ಮಾತಿನಲ್ಲಿ ಪರಿಚಯಿಸಬೇಕು ಎಂದು ಕೇಳಿದ ಒಬ್ಬ ವಿಮರ್ಶಕರನ್ನೂ ನಾನು ಓದಲಿಲ್ಲ. ಸಾಹಿತ್ಯದವರು ಇದನ್ನು ರಾಜಕೀಯಕ್ಕೆ ಬಿಟ್ಟುಕೊಟ್ಟದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಆ ಪರಿಚಯದ ಮಾತು ಹೇಗಿರಬೇಕಿತ್ತು? ಆರರಿಂದ ಹತ್ತನೇ ತರಗತಿಯ ಮಕ್ಕಳು ಹಗಲೂ ರಾತ್ರಿ ಅಲ್ಲೇ ಇರುವ ವಸತಿ ಶಾಲೆ ಅದು. ಅಲ್ಲಿ ಮಗು ಕೇಳುವ ಮೊದಲ ಪ್ರಶ್ನೆ ಪಾಠದ್ದಾಗಿರದೆ ಸಾರಿನದ್ದೋ ಸ್ನಾನದ ನೀರಿನದ್ದೋ ಆಗಿರಬಹುದು. ಆದ್ದರಿಂದ ಪ್ರಾಂಶುಪಾಲರು ಹೇಳಬೇಕಾದದ್ದು ಇಷ್ಟು: ಯಾವ ದಿನ, ಯಾವ ಹೊತ್ತಿಗೆ ಪ್ರಶ್ನೆ ಕೇಳಬಹುದು, ಯಾರು ಉತ್ತರಿಸುತ್ತಾರೆ, ಉತ್ತರ ತಕ್ಷಣ ಗೊತ್ತಿಲ್ಲದಿದ್ದರೆ ಎಷ್ಟು ದಿನದಲ್ಲಿ ಹೇಳುತ್ತಾರೆ, ವಾರ್ಡನ್ ಮೇಲೆ ದೂರು ಹೇಳಿದ ಮಗುವನ್ನು ಯಾರೂ ಬೈಯದಂತೆ ಯಾರು ನೋಡಿಕೊಳ್ಳುತ್ತಾರೆ. ಹೀಗೆ ನಾಲ್ಕು ವಾಕ್ಯ ಸೇರಿದ್ದರೆ ಹೊಸ ಸಾಲಿಗೆ ಬೆನ್ನೆಲುಬು ಬರುತ್ತಿತ್ತು. ಹಳೆಯ ಸಾಲನ್ನೇ ಉಳಿಸಿಕೊಳ್ಳುವ ಶಾಲೆಗೂ ಇದೇ ಅಳತೆ ಸಲ್ಲುತ್ತದೆ: ಮಗು ಕೈಮುಗಿದು ಬರಬೇಕಾದರೆ ಆ ದೇಗುಲದ ಗ್ರಂಥಾಲಯದ ಬೀಗ ತೆಗೆದಿರಬೇಕು.

ಪೋಷಕರನ್ನು ಕರೆಸಿದ ಮೇಲೆ ಅವರಿಗೆ ಅರ್ಥವಾಗುವಂತೆ ಮಾತಾಡುವುದೂ ಭಾಷಣದ ಭಾಗ. ಆಂಧ್ರದ ಗಡಿ ಸುತ್ತುವರಿದ ಪಾವಗಡದಲ್ಲಿ ಎಷ್ಟೋ ಅಮ್ಮಂದಿರ ಮನೆಮಾತು ತೆಲುಗು. ಅಲ್ಲಿ ಸಂಸ್ಕೃತದ ಸಾಲನ್ನು ಗ್ರಾಂಥಿಕ ಕನ್ನಡದಲ್ಲಿ ಬಿಡಿಸಿದರೆ ಅವರು ಬಿಸಿಲಲ್ಲಿ ಸುಮ್ಮನೆ ಕೂತು ಏಳುತ್ತಾರೆ. ಪ್ರಶ್ನೆಯ ದಿನ ಯಾವುದು, ಯಾರನ್ನು ನೋಡಬೇಕು ಎಂಬುದನ್ನು ಎರಡು ವಾಕ್ಯ ತೆಲುಗಿನಲ್ಲೂ ಹೇಳಿದರೆ ಆ ಅಮ್ಮ ಮುಂದಿನ ಸಲ ಹಾಸ್ಟೆಲ್ಲಿಗೆ ಬಂದಾಗ ಅದನ್ನು ಹಿಡಿದು ಕೇಳಬಲ್ಲಳು.