ಬಿರುಕನ್ನು ಬರೆದಿಡುವ ಕಲೆ

ಒಳ್ಳೆಯ ಎಂಜಿನಿಯರ್ ಬರೆದ ಸ್ಥಳ ಪರಿಶೀಲನಾ ವರದಿಯಲ್ಲಿ ನನಗೆ ಬಹಳ ಇಷ್ಟವಾಗುವುದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಇಡುವ ಶಿಸ್ತು. ಕರಾವಳಿಯ ಹಳೆಯ ಕಟ್ಟಡವೊಂದರ ಕಂಬವನ್ನೇ ತೆಗೆದುಕೊಳ್ಳಿ. ಅಂಥ ವರದಿ ‘ಕಂಬ ಹಾಳಾಗಿದೆ’ ಎಂದು ಬರೆಯುವುದಿಲ್ಲ. ‘ನೆಲಮಹಡಿ, ಕಂಬ ಸಿ-4, ಪಶ್ಚಿಮ ಮುಖ. ಉದ್ದುದ್ದ ಬಿರುಕು, ಅಗಲ 2 ಮಿ.ಮೀ. ತುಕ್ಕಿನ ಕಲೆ ಇದೆ. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಚಿತ್ರ 6, 7’ ಎನ್ನುತ್ತದೆ. ಚಿತ್ರ 6 ಇಡೀ ಕಂಬದ್ದು. 7ರಲ್ಲಿ ಬಿರುಕಿನ ಪಕ್ಕದಲ್ಲೇ ಅಳತೆಪಟ್ಟಿ. ಆರು ತಿಂಗಳ ನಂತರ ಬಂದವರೂ ಅದೇ ಜಾಗ ಹುಡುಕಿ, ಬಿರುಕು ಹಿಗ್ಗಿದೆಯೇ ಎಂದು ಅಳೆಯಬಹುದು.

ಕಾರಣ ಆಮೇಲೆ ಬರುತ್ತದೆ. ಬಿರುಕು ಒಳಗಿನ ಕಂಬಿಯ ಗುಂಟವೇ ಸಾಗಿದೆ; ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಸೀಳಿದೆ. ದುರಸ್ತಿಗೂ ಕ್ರಮವಿದೆ: ಪಕ್ಕದ ಪೈಪಿನಿಂದ ನೀರು ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಕಂಬದ ಮೇಲಿನ ತೊಲೆಗೆ ಆನಿಕೆ ಕೊಡಬೇಕು. ಕಂಬಿಯ ಹಿಂಬದಿಯವರೆಗೂ ಕಾಂಕ್ರೀಟ್ ಕೆತ್ತಿ, ತುಕ್ಕು ಉಜ್ಜಿ, ಸವೆದಲ್ಲಿ ಹೊಸ ಕಂಬಿ ಸೇರಿಸಿ, ಪಾಲಿಮರ್ ಗಾರೆ ತುಂಬಬೇಕು. ಬರೀ ಮೇಲೆ ಸಿಮೆಂಟ್ ಮೆತ್ತಿದರೆ ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಕಂಬಿ ಎಷ್ಟು ಸವೆದಿದೆ ಎಂಬುದು ಕೆತ್ತಿದ ಮೇಲಷ್ಟೇ ತಿಳಿಯುತ್ತದೆ; ಪ್ರಾಮಾಣಿಕ ವರದಿ ಅದನ್ನೂ ಬರೆದಿಟ್ಟು, ಆ ಹಂತದಲ್ಲಿ ಮತ್ತೊಮ್ಮೆ ಪರಿಶೀಲನೆಗೆ ಕರೆಯಿರಿ ಎನ್ನುತ್ತದೆ.