ಮೂಲೆಗೆ ಜಾಗವಿಲ್ಲದ ಸೂತ್ರ

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ಒಯ್ಯುವ ಡಿಸೈನ್ ಡೇಟಾ ಹ್ಯಾಂಡ್‌ಬುಕ್‌ನಲ್ಲಿ ಶಾಫ್ಟಿನ ಅಧ್ಯಾಯಕ್ಕೆ ಬಂದರೆ ಒಂದು ಸೂತ್ರ ಎದುರಾಗುತ್ತದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1927ರಲ್ಲಿ ಹೊರತಂದ ನಿಯಮಾವಳಿಯಿಂದ ಬಂದದ್ದು ಅದು. ಶಾಫ್ಟನ್ನು ಬಗ್ಗಿಸುವ ಬಲಕ್ಕೆ 1.5ರ ಗುಣಕ, ತಿರುಚುವ ಬಲಕ್ಕೆ 1ರ ಗುಣಕ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಲೆಕ್ಕ ಬಹುಪಾಲು ಮುಗಿಯಿತು. ಉಕ್ಕಿನ ಅಂತಿಮ ಬಲದ ಶೇ. 18 ಅಥವಾ ಯೀಲ್ಡ್ ಬಲದ ಶೇ. 30, ಇವೆರಡರಲ್ಲಿ ಕಡಿಮೆ ಇರುವುದು ಮಿತಿ. ಕೀವೇ ಇದ್ದಲ್ಲಿ ಅದರಲ್ಲೂ ಕಾಲು ಭಾಗ ಕಡಿತ. ಕಲಿಸಲು ಸುಲಭ, ಅಂಕ ಗಳಿಸಲು ಇನ್ನೂ ಸುಲಭ. ಹುಟ್ಟಿದ ಕಾಲಕ್ಕೆ ಸೂತ್ರ ಒಳ್ಳೆಯದೇ ಆಗಿತ್ತು. ಆಗಿನ ಕಾರ್ಖಾನೆಗಳಲ್ಲಿ ಛಾವಣಿಯುದ್ದಕ್ಕೂ ಒಂದೇ ದಪ್ಪದ ಲೈನ್ ಶಾಫ್ಟ್ ಬುಷ್ ಬೇರಿಂಗ್‌ಗಳ ಮೇಲೆ ಓಡುತ್ತಿತ್ತು. ಅದರ ಮೈಮೇಲೆ ಇದ್ದ ಗಾಯವೆಂದರೆ ಹೆಚ್ಚಾಗಿ ಕೀವೇ. ಇವತ್ತಿನ ಶಾಫ್ಟು ಬಾಲ್ ಬೇರಿಂಗ್ ಕೂರಿಸಲು ಮೆಟ್ಟಿಲು ಮೆಟ್ಟಿಲಾಗಿ ಕೊರೆದದ್ದು. ಆ ಮೆಟ್ಟಿಲಿನ ಮೂಲೆಗೆ ಸೂತ್ರದಲ್ಲಿ ಜಾಗವೇ ಇಲ್ಲ.

ದಾವಣಗೆರೆ, ಹರಿಹರದಲ್ಲಿ ಕುಳಿತು ಇದನ್ನು ಹೇಳುವುದಕ್ಕೆ ಕಾರಣವಿದೆ. ಭದ್ರಾ ನೀರಿನ ಭತ್ತಕ್ಕೆ ಅಕ್ಕಿ ಗಿರಣಿಗಳು ಇಲ್ಲಿವೆ, ಗಿರಣಿಗಳ ಶಾಫ್ಟಿಗೆ ಲೇತ್ ಅಂಗಡಿಗಳಿವೆ. ಹರಿಹರದಲ್ಲಂತೂ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಟರ್ನರುಗಳ ಕೈಚಳಕ ಊರಲ್ಲಿ ಉಳಿಯಿತು. ಇನ್ನೊಂದು ಕಡೆ 1951ರ ಯುಬಿಡಿಟಿ, 1979ರ ಬಿಐಇಟಿ ಕಾಲೇಜುಗಳಿವೆ. ಶಾಫ್ಟ್ ಮುರಿಯುವ ಜಾಗಕ್ಕೂ ಶಾಫ್ಟಿನ ಲೆಕ್ಕ ಕಲಿಸುವ ಜಾಗಕ್ಕೂ ನಡುವೆ ಆಟೋ ದೂರ. ಆದರೂ ಅಂಗಡಿಯ ಪದ್ಧತಿ ಒಂದು, ತರಗತಿಯ ಪದ್ಧತಿ ಇನ್ನೊಂದು. ಎರಡೂ ಒಂದೇ ಮೂಲೆಯನ್ನು ಕಾಣದೆ ದಾಟಿಹೋಗುತ್ತವೆ.

ಗಿರಣಿಯಲ್ಲಿ ಎಲ್ಲೆಡೆ ಕಾಣುವಂಥ ಒಂದು ಶಾಫ್ಟನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 10 ಎಚ್‌ಪಿ ಮೋಟಾರು, ಶಾಫ್ಟಿನ ವೇಗ ನಿಮಿಷಕ್ಕೆ 480 ಸುತ್ತು, ಬೇರಿಂಗಿನಿಂದ 150 ಮಿ.ಮೀ. ಹೊರಗೆ 300 ಮಿ.ಮೀ. ವ್ಯಾಸದ ವಿ-ಬೆಲ್ಟ್ ಪುಲ್ಲಿ. ಶಾಫ್ಟು ಇಎನ್8, ಅಂತಿಮ ಬಲ 600 ಮೆಗಾಪ್ಯಾಸ್ಕಲ್, ಯೀಲ್ಡ್ 340. ಬೇರಿಂಗ್ ಕೂರುವಲ್ಲಿ 35 ಮಿ.ಮೀ., ಒಳಗೆ 45 ಮಿ.ಮೀ. ಬೆಲ್ಟಿನ ಎರಡೂ ಬದಿಯ ಎಳೆತ ಸೇರಿ ಸುಮಾರು 2000 ನ್ಯೂಟನ್ ಎಂದರೆ ಬೇರಿಂಗಿನ ಬಳಿ ಬಗ್ಗಿಸುವ ಬಲ 300 ನ್ಯೂಟನ್-ಮೀಟರ್, ತಿರುಚುವ ಬಲ 149. ಹಳೆಯ ಸೂತ್ರಕ್ಕೆ ಹಾಕಿ ನೋಡಿ: 56 ಮೆಗಾಪ್ಯಾಸ್ಕಲ್ ಬರುತ್ತದೆ, ಮಿತಿ 102. ಶಾಫ್ಟು ಆರಾಮಾಗಿ ಪಾಸು.

ಈಗ ಅದೇ ಶಾಫ್ಟನ್ನು ದಣಿವಿನ ಕಣ್ಣಿಂದ ನೋಡೋಣ. ಪುಲ್ಲಿಯನ್ನು ಬೆಲ್ಟು ಸದಾ ಒಂದೇ ದಿಕ್ಕಿಗೆ ಎಳೆಯುತ್ತದೆ, ಶಾಫ್ಟು ಮಾತ್ರ ತಿರುಗುತ್ತದೆ. ಮೈಮೇಲಿನ ಒಂದು ಬಿಂದು ಈಗ ಹಿಗ್ಗಿದರೆ ಅರ್ಧ ಸುತ್ತಿನ ನಂತರ ಅಷ್ಟೇ ಕುಗ್ಗುತ್ತದೆ. ನಮ್ಮ ಶಾಫ್ಟಿನಲ್ಲಿ ಇದು ಕೂಡಿಕೆ 71, ಕಳೆ 71 ಮೆಗಾಪ್ಯಾಸ್ಕಲ್, ನಿಮಿಷಕ್ಕೆ 480 ಸಲ. ರೈಲಿನ ಆಕ್ಸಲ್‌ಗಳು ಇದೇ ರೀತಿ ಮುರಿಯುವುದನ್ನು ಕಂಡ ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದ ನಡುವಿನಲ್ಲಿ ತಿರುಗಿಸಿ ಬಗ್ಗಿಸುವ ಪರೀಕ್ಷೆಗಳನ್ನು ನಡೆಸಿದ. ಉಕ್ಕಿಗೆ ಒಂದು ತಾಳಿಕೆಯ ಮಿತಿ, ಅಂದರೆ ಎಂಡ್ಯೂರೆನ್ಸ್ ಲಿಮಿಟ್ ಇದೆ, ಅದರ ಕೆಳಗೆ ಎಷ್ಟು ಸುತ್ತಿದರೂ ಮುರಿಯದು ಎಂಬ ತಿಳಿವು ಆ ಕೆಲಸದಿಂದ ಬೆಳೆದದ್ದು. ಪಾಲಿಶ್ ಮಾಡಿದ ಸಣ್ಣ ಮಾದರಿಗೆ ಆ ಮಿತಿ ಅಂತಿಮ ಬಲದ ಸುಮಾರು ಅರ್ಧ, ಇಲ್ಲಿ 300. ಆದರೆ ನಮ್ಮದು ಲೇತಿನ ಗೆರೆಗಳಿರುವ ಮೈ, ಮಾದರಿಗಿಂತ ದಪ್ಪ. ಜೊತೆಗೆ ನೂರಕ್ಕೆ 99 ಶಾಫ್ಟುಗಳಾದರೂ ಉಳಿಯಬೇಕೆಂಬ ಆಸೆ. ಮೂರಕ್ಕೂ ಕಡಿತ ಹಾಕಿದರೆ 300 ಇಳಿದು 171 ಆಗುತ್ತದೆ.

71 ಎಲ್ಲಿ, 171 ಎಲ್ಲಿ ಎಂದು ಸಮಾಧಾನಪಡುವ ಮೊದಲು ಮೂಲೆಯನ್ನು ನೋಡಬೇಕು. ಟರ್ನರ್ ಟೂಲನ್ನು ನೇರ ಸ್ಟೆಪ್ಪಿನವರೆಗೆ ಒಯ್ದು ನಿಲ್ಲಿಸಿದರೆ ಮೂಲೆಯ ರೇಡಿಯಸ್ ಎಂದರೆ ಟೂಲಿನ ಮೂತಿ ಬಿಟ್ಟದ್ದು, ಹೆಚ್ಚೆಂದರೆ 0.3 ಮಿ.ಮೀ. ಅಲ್ಲಿ ದಣಿವಿನ ಲೆಕ್ಕಕ್ಕೆ ಸ್ಟ್ರೆಸ್ ಸುಮಾರು 2.1 ಪಟ್ಟು: 150. ಮಿತಿಗೆ ಉಳಿದ ಅಂತರ ಶೇ. 14 ಅಷ್ಟೆ. ಬೆಲ್ಟ್ ಜಾರುತ್ತದೆಂದು ಮೋಟಾರನ್ನು ಹಿಂದಕ್ಕೆಳೆದು ಬಿಗಿದಾಗ ಎಳೆತ ಒಂದೂವರೆ ಪಟ್ಟಾಯಿತೆನ್ನಿ, ಮೂಲೆಯಲ್ಲಿ 225 ಆಗುತ್ತದೆ. ಹಳೆಯ ಸೂತ್ರ ಆಗಲೂ 82 ತೋರಿಸಿ, 102ರ ಒಳಗಿದೆ, ಪಾಸು ಅನ್ನುತ್ತದೆ. ದಣಿವಿನ ಲೆಕ್ಕ ಮಾತ್ರ ಸುಮಾರು 1.8 ಲಕ್ಷ ಸುತ್ತು, ಎಂದರೆ ಆರು ಗಂಟೆ ಅನ್ನುತ್ತದೆ. ನೂರಕ್ಕೆ 99ರ ಬದಲು ಸರಾಸರಿ ಶಾಫ್ಟನ್ನು ಹಿಡಿದರೆ ಅದೇ ಲೆಕ್ಕ 21 ಗಂಟೆ ಕೊಡುತ್ತದೆ. ಆಯುಸ್ಸಿನ ಅಂದಾಜು ಇಷ್ಟು ಜೋಲಾಡುವುದು ಈ ವಿದ್ಯೆಯ ಸ್ವಭಾವ. ಗಂಟೆಗಳನ್ನು ನಂಬಬೇಡಿ, ಮಿತಿಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದನ್ನು ಮಾತ್ರ ನಂಬಿ.

ಇದರಿಂದ ಹೊರಡುವ ಇನ್ನೊಂದು ಮಾತು ಅಂಗಡಿಗೆ ಬಹಳ ಉಪಯೋಗದ್ದು. ಉಕ್ಕಿನ ತಾಳಿಕೆಯ ಮಿತಿ ನೆಲೆಗೊಳ್ಳುವುದು ಸುಮಾರು 10 ಲಕ್ಷ ಸುತ್ತಿನ ಹೊತ್ತಿಗೆ. 480 ಸುತ್ತಿನ ವೇಗದಲ್ಲಿ ಅದು 35 ಗಂಟೆ. ಹಾಗಾಗಿ ಮೊದಲ ದಿನದಿಂದಲೇ ಹೊರೆ ಮಿತಿಯನ್ನು ಚೆನ್ನಾಗಿ ಮೀರಿದ್ದರೆ ಶಾಫ್ಟು ಮೊದಲ ವಾರವೇ ಮುರಿಯುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ಎರಡು ತಿಂಗಳು ಓಡಿದ ಶಾಫ್ಟು ಒಂದೂವರೆ ಕೋಟಿ ಸುತ್ತಿನ ಆಸುಪಾಸು ಮುಗಿಸಿರುತ್ತದೆ. ಅದು ಆಮೇಲೆ ಮುರಿದರೆ ‘ಮಾಲು ಸರಿ ಇರಲಿಲ್ಲ’ ಅನ್ನುವ ಮೊದಲು ನಡುವೆ ಏನು ಬದಲಾಯಿತೆಂದು ಕೇಳಬೇಕು: ಬೆಲ್ಟು ಯಾವಾಗ ಬಿಗಿದರು, ನೀರು ತಾಗಿ ತುಕ್ಕು ಹಿಡಿಯಿತೇ, ಬೇರಿಂಗಿನ ಒಳಬಳೆ ಸಡಿಲಾಗಿ ಶಾಫ್ಟನ್ನು ಉಜ್ಜಿ ಕೆಂಪು ಪುಡಿ ಬಿಟ್ಟಿದೆಯೇ. ತುಕ್ಕು ಹಿಡಿಯುತ್ತಲೇ ಇರುವ ಮೈಗಂತೂ ತಾಳಿಕೆಯ ಮಿತಿ ಎಂಬುದೇ ಉಳಿಯುವುದಿಲ್ಲ, ಬಲ ಇಳಿಯುತ್ತಲೇ ಹೋಗುತ್ತದೆ.

ಮುರಿದ ಮುಖವೂ ಸಾಕ್ಷಿ ಹೇಳುತ್ತದೆ. ಗುಜರಿಗೆ ಎಸೆಯುವ ಮೊದಲು ಎಣ್ಣೆ ಒರೆಸಿ ಬೆಳಕಿಗೆ ಹಿಡಿದರೆ ನಯವಾದ ಒಂದು ಭಾಗ, ಒರಟಾದ ಒಂದು ಭಾಗ ಕಾಣುತ್ತದೆ. ನಯವಾದದ್ದು ಬಿರುಕು ನಿಧಾನ ಬೆಳೆದ ಜಾಗ, ಒರಟಾದದ್ದು ಕೊನೆಗೆ ಒಮ್ಮೆಗೇ ಹರಿದದ್ದು. ಒರಟು ಭಾಗ ಚಿಕ್ಕದಿದ್ದರೆ ಹೊರೆ ಕಡಿಮೆಯೇ ಇತ್ತು, ಕೆಡಿಸಿದ್ದು ಮೂಲೆ. ಸುತ್ತ ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಣ್ಣ ಮೆಟ್ಟಿಲುಗಳಿದ್ದರೆ ಬಿರುಕು ಒಂದೇ ಕಡೆ ಅಲ್ಲ, ಮೂಲೆಯ ಸುತ್ತ ಹಲವು ಕಡೆ ಹುಟ್ಟಿದೆ.

ಶಾಫ್ಟ್ ಮುರಿದಾಗ ಅಂಗಡಿಯ ಮೊದಲ ಮದ್ದು ‘ಇಎನ್24 ಹಾಕಿಬಿಡಿ’. ಇದನ್ನೂ ತೂಗಿ ನೋಡೋಣ. ಅಂತಿಮ ಬಲ 900 ಇರುವಂತೆ ಹದಗೊಳಿಸಿದ ಇಎನ್24 ಎಂದರೆ ಅರ್ಧದಷ್ಟು ಹೆಚ್ಚು ಗಟ್ಟಿ. ಆದರೆ ಗಟ್ಟಿ ಉಕ್ಕಿಗೆ ಲೇತಿನ ಗೆರೆಯೂ ಚೂಪು ಮೂಲೆಯೂ ಹೆಚ್ಚು ನೋಯುತ್ತವೆ. ತಾಳಿಕೆಯ ಮಿತಿ 231ಕ್ಕೆ ಏರಿದರೂ ಮೂಲೆಯ ಗುಣಕ 2.3ಕ್ಕೆ ಏರುತ್ತದೆ. ಸುರಕ್ಷತೆಯ ಅಂತರ 1.14ರಿಂದ 1.41 ಆಗುತ್ತದೆ. ಹಳೆಯ ಇಎನ್8ಗೇ 3 ಮಿ.ಮೀ. ರೇಡಿಯಸ್ ಕೊಟ್ಟರೆ ಗುಣಕ 1.57ಕ್ಕೆ ಇಳಿದು ಅಂತರ 1.5 ದಾಟುತ್ತದೆ. ದುಬಾರಿ ಉಕ್ಕನ್ನು ದುಂಡು ಮೂಲೆ ಸೋಲಿಸುತ್ತದೆ.

ತರಗತಿಯ ಪದ್ಧತಿಯ ಮೇಲೂ ನನಗೆ ಅಷ್ಟೇ ತಕರಾರಿದೆ. ಅಲ್ಲಿ ಫೆಟೀಗ್ ಒಂದು ಅಧ್ಯಾಯ, ಶಾಫ್ಟ್ ಬೇರೆ ಅಧ್ಯಾಯ. ಫೆಟೀಗಿನ ಅಧ್ಯಾಯದಲ್ಲಿ ಸರಾಸರಿ ಸ್ಟ್ರೆಸ್ಸಿನ ತಿದ್ದುಪಡಿಗೆ ಭಾರಿ ಗೌರವ: ಗರ್ಬರ್ ರೇಖೆ, ಗುಡ್‌ಮನ್ ರೇಖೆ, ಸೋಡರ್‌ಬರ್ಗ್ ರೇಖೆ. ನಮ್ಮ ಶಾಫ್ಟಿಗೆ ಅವನ್ನು ಹಾಕಿ ನೋಡಿ. ಬಗ್ಗುವಿಕೆಯ ಸರಾಸರಿ ಸೊನ್ನೆ. ಸ್ಥಿರವಾಗಿರುವುದು ತಿರುಚುವಿಕೆ ಮಾತ್ರ. ಅದನ್ನು ಸಮಾನ ಎಳೆತಕ್ಕೆ ಪರಿವರ್ತಿಸಿದರೆ 31 ಮೆಗಾಪ್ಯಾಸ್ಕಲ್. ಗುಡ್‌ಮನ್ ಪ್ರಕಾರ ಅಂತರ 1.14ರಿಂದ 1.08ಕ್ಕೆ, ಸೋಡರ್‌ಬರ್ಗ್ ಪ್ರಕಾರ 1.03ಕ್ಕೆ ಇಳಿಯುತ್ತದೆ. ಎರಡು ರೇಖೆಗಳ ಜಗಳ 0.05ಕ್ಕೆ, ಮೂಲೆಯ ರೇಡಿಯಸ್ಸು ಅದರ ಏಳೆಂಟು ಪಟ್ಟು ಅಂತರವನ್ನು ಕೈಯಲ್ಲಿ ಹಿಡಿದಿದೆ. ಪ್ರಶ್ನೆಪತ್ರಿಕೆ ಕೇಳುವುದು ಮಾತ್ರ ರೇಖೆಯನ್ನೇ.

ಹಾಗೆಂದು ಸರಾಸರಿ ಸ್ಟ್ರೆಸ್ಸು ನಮ್ಮೂರ ಶಾಫ್ಟಿಗೆ ಲೆಕ್ಕಕ್ಕಿಲ್ಲ ಅಂತಲ್ಲ. ಪಠ್ಯ ತೋರಿಸದ ಜಾಗದಿಂದ ಅದು ಬರುತ್ತದೆ. ಬೇರಿಂಗ್ ಕೂರುವ ಜಾಗ ಸವೆದಾಗ ವೆಲ್ಡಿಂಗ್ ತುಂಬಿ ಮತ್ತೆ ಸೈಜಿಗೆ ಟರ್ನಿಂಗ್ ಮಾಡುವುದು ಇಲ್ಲಿ ನಿತ್ಯದ ಕೆಲಸ. ತುಂಬಿದ ಲೋಹ ಆರುವಾಗ ಕುಗ್ಗಲು ನೋಡುತ್ತದೆ, ಒಳಗಿನ ಗಟ್ಟಿ ಮೈ ಬಿಡುವುದಿಲ್ಲ. ಮೇಲ್ಪದರ ಸದಾ ಎಳೆತದಲ್ಲೇ ಉಳಿಯುತ್ತದೆ. ಈ ಉಳಿಕೆ ಎಳೆತ ಯೀಲ್ಡ್ ಬಲದ ಹತ್ತಿರಕ್ಕೂ ಹೋಗಬಲ್ಲದು. 200 ಮೆಗಾಪ್ಯಾಸ್ಕಲ್ ಎಂದೇ ಹಿಡಿದರೂ ಗುಡ್‌ಮನ್ ಲೆಕ್ಕದಲ್ಲಿ ತಾಳಿಕೆಯ ಮಿತಿ ಮೂರನೆಯ ಒಂದು ಭಾಗ ಕಳೆದುಕೊಂಡು 114ಕ್ಕೆ ಬೀಳುತ್ತದೆ. ಮೂಲೆಯಲ್ಲಿರುವ 150ಕ್ಕೆ ಅದು ಸಾಲದು, ಬೆಲ್ಟ್ ಬಿಗಿಯದಿದ್ದರೂ. ವೆಲ್ಡಿಂಗ್ ಮಾಡಿದ ಶಾಫ್ಟು ಹೊಸದರಷ್ಟು ಬಾಳುವುದಿಲ್ಲ ಎಂದು ಎಲ್ಲ ಟರ್ನರುಗಳಿಗೂ ಗೊತ್ತು; ಯಾಕೆಂದು ಹೇಳಬಲ್ಲ ರೇಖೆ ಪಕ್ಕದ ಕಾಲೇಜಿನ ಕರಿಹಲಗೆಯ ಮೇಲೆ ಬೇರೆ ಯಾವುದೋ ಲೆಕ್ಕಕ್ಕೆ ಬಳಕೆಯಾಗುತ್ತಿರುತ್ತದೆ. ಇಎನ್24ಕ್ಕೆ ವೆಲ್ಡಿಂಗ್ ತುಂಬುವುದು ಇನ್ನೂ ಕೆಟ್ಟದ್ದು. ಮೊದಲು ಕಾಯಿಸದೆ ತುಂಬಿದರೆ ಪಕ್ಕದ ಲೋಹ ಪೆಡಸಾಗಿ, ಶಾಫ್ಟು ತಿರುಗುವ ಮೊದಲೇ ಬಿರುಕು ಬಿಟ್ಟಿರಬಹುದು.

ಟರ್ನರನ್ನು ಬೈಯುವುದೂ ಅನ್ಯಾಯ. ಆತ ಮೂಲೆ ಚೂಪಾಗಿ ಬಿಡುವುದಕ್ಕೆ ಕಾರಣ ಬೇರಿಂಗು. 35 ಮಿ.ಮೀ.ನ 6207 ಬೇರಿಂಗಿನ ಅಂಚಿನ ಗುಂಡು 1.1 ಮಿ.ಮೀ. ಶಾಫ್ಟಿನ ರೇಡಿಯಸ್ 1 ಮಿ.ಮೀ. ದಾಟಿದರೆ ಬೇರಿಂಗ್ ಸ್ಟೆಪ್ಪಿಗೆ ಒತ್ತಿ ಕೂರುವುದಿಲ್ಲ, ರೇಡಿಯಸ್ಸಿನ ಮೇಲೆ ಹತ್ತಿ ನಿಲ್ಲುತ್ತದೆ. ಆ 1 ಮಿ.ಮೀ.ಅನ್ನಾದರೂ ಕೊಟ್ಟರೆ ಗುಣಕ 2.1ರಿಂದ 1.85ಕ್ಕೆ ಬರುತ್ತದೆ. ಇನ್ನೂ ಬೇಕಿದ್ದರೆ ಸ್ಟೆಪ್ಪನ್ನು 6 ಮಿ.ಮೀ. ಒಳಗೆ ಸರಿಸಿ, 3 ಮಿ.ಮೀ. ರೇಡಿಯಸ್ ಕೊಟ್ಟು, ನಡುವೆ 45 ಮಿ.ಮೀ. ಹೊರವ್ಯಾಸದ ಒಂದು ರಿಂಗ್ ಹಾಕಬಹುದು. ರಿಂಗಿನ ಒಳ ಅಂಚನ್ನು ಒಂದು ಕಡೆ 3.5 ಮಿ.ಮೀ. ಚಾಂಫರ್ ಮಾಡಿದರೆ ಅದು ರೇಡಿಯಸ್ಸಿಗೆ ತಾಗದೆ ಸ್ಟೆಪ್ಪಿಗೆ ಒರಗುತ್ತದೆ, ಬೇರಿಂಗ್ ಅದಕ್ಕೆ ಒರಗುತ್ತದೆ. ಒರಗಲು ಸುತ್ತ ಉಳಿಯುವುದು ಒಂದೂವರೆ ಮಿಲಿಮೀಟರ್ ಅಂಚು. ಬೆಲ್ಟಿನ ಶಾಫ್ಟಿಗೆ ಅಷ್ಟು ಸಾಕು. ಹೆಲಿಕಲ್ ಗೇರಿನಂತೆ ಶಾಫ್ಟಿನುದ್ದಕ್ಕೂ ತಳ್ಳುವ ಬಲ ಇರುವಲ್ಲಿ ಸಾಲದು, ಅಲ್ಲಿ ಒಳಭಾಗವನ್ನೇ ದಪ್ಪ ಮಾಡಬೇಕು. ಓಡುತ್ತಿರುವ ಹಳೆಯ ಶಾಫ್ಟಿಗೂ ಈ ಕೆಲಸ ಆಗುತ್ತದೆ, ಆದರೆ ಲೇತಿಗೆ ಏರಿಸುವ ಮೊದಲು ಮೂಲೆಗೆ ಕೆಂಪು ಡೈ ಪೆನಟ್ರಂಟ್ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ ನೋಡಬೇಕು. ಬಿಳಿಯ ಮೇಲೆ ಕೆಂಪು ಗೆರೆ ಮೂಡಿದರೆ ಆ ಶಾಫ್ಟಿಗೆ ರಿಂಗ್ ಮಾಡಿಸುವ ಖರ್ಚು ದಂಡ.