ನಷ್ಟದಿಂದ ಲಾಭಕ್ಕೆ ಶೇಕಡಾ ಎಷ್ಟು?

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2018-19ರವರೆಗಿನ ಅದರ ಐದು ವರ್ಷಗಳ ನಿವ್ವಳ ಲಾಭ-ನಷ್ಟವನ್ನು ಸಾಲಾಗಿ ಬರೆದರೆ ಹೀಗೆ ಕಾಣುತ್ತದೆ: 2014-15ರಲ್ಲಿ ಸುಮಾರು 1,523 ಕೋಟಿ ರೂಪಾಯಿ ಲಾಭ, ಮರುವರ್ಷ 1,643 ಕೋಟಿ ನಷ್ಟ, 2016-17ರಲ್ಲಿ 359 ಕೋಟಿ ಲಾಭ, ಆಮೇಲೆ 3,223 ಕೋಟಿ ನಷ್ಟ, 2018-19ರಲ್ಲಿ 2,588 ಕೋಟಿ ನಷ್ಟ. ಈ ಸಾಲಿನ ಪಕ್ಕದಲ್ಲಿ ‘ಹಿಂದಿನ ವರ್ಷಕ್ಕಿಂತ ಶೇಕಡಾ ಬದಲಾವಣೆ’ ಎಂಬ ಇನ್ನೊಂದು ಕಾಲಂ ಹಾಕುವುದು ವಾರ್ಷಿಕ ವರದಿಗಳಿಗೂ ಪತ್ರಿಕೆಗಳ ವಾಣಿಜ್ಯ ಪುಟಕ್ಕೂ ಮಾಮೂಲು. ಎಕ್ಸೆಲ್‌ನಲ್ಲಿ ಅದಕ್ಕೆ ಬೇಕಾದದ್ದು ಒಂದೇ ಸಾಲು, ಹಳೆಯದು A2ನಲ್ಲಿ, ಹೊಸದು B2ನಲ್ಲಿ:

```
=(B2-A2)/A2
```

ನಷ್ಟಕ್ಕೆ ಋಣ ಚಿಹ್ನೆ ಕೊಟ್ಟು ಈ ಸೂತ್ರವನ್ನು ಓಡಿಸಿದರೆ ಬರುವ ಉತ್ತರಗಳು ಶೇಕಡಾ ರೂಪದಲ್ಲಿ ಕ್ರಮವಾಗಿ -208, -122, -998 ಮತ್ತು -20. ನಾಲ್ಕಕ್ಕೆ ನಾಲ್ಕೂ ಋಣ. ಆದರೆ ಬ್ಯಾಂಕು ಎರಡು ಬಾರಿ ಬಿದ್ದಿತ್ತು, ಎರಡು ಬಾರಿ ಚೇತರಿಸಿಕೊಂಡಿತ್ತು. 1,643 ಕೋಟಿ ನಷ್ಟದ ಹೊಂಡದಿಂದ ಎದ್ದು 359 ಕೋಟಿ ಲಾಭಕ್ಕೆ ಬಂದ ವರ್ಷವೂ ಕಾಲಂನಲ್ಲಿ ಕುಸಿತವೇ. ಯಾರೂ ಕೂಡು-ಕಳೆಯುವುದರಲ್ಲಿ ತಪ್ಪಿಲ್ಲ, ಯಂತ್ರವೂ ಕೆಟ್ಟಿಲ್ಲ. ಕೇಳಬಾರದ ಪ್ರಶ್ನೆಯನ್ನು ಸೂತ್ರಕ್ಕೆ ಕೇಳಲಾಗಿದೆ, ಅಷ್ಟೇ.

ಶೇಕಡಾ ಬದಲಾವಣೆ ಎಂದರೆ ಹೊಸದು ಹಳೆಯದರ ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಎಂಬ ಮಾತು. ಹಳೆಯದು ಅಳತೆಗೋಲಾಗಿ ನಿಲ್ಲಬೇಕಾದರೆ ಅದಕ್ಕೆ ಉದ್ದ ಇರಬೇಕು. ಜನಸಂಖ್ಯೆ, ಠೇವಣಿ, ಬಸ್ ದರ, ಮಳೆಯ ಪ್ರಮಾಣ ಇವೆಲ್ಲ ಸೊನ್ನೆಯಿಂದ ಮೇಲಕ್ಕೆ ಮಾತ್ರ ಬೆಳೆಯುವಂಥವು. ಅವುಗಳಿಗೆ ಈ ಅಳತೆಗೋಲು ಹೊಂದುತ್ತದೆ. ನಿವ್ವಳ ಲಾಭ ಹಾಗಲ್ಲ. ಅದು ಆದಾಯದಿಂದ ಬಡ್ಡಿ, ಸಂಬಳ, ವಸೂಲಾಗದ ಸಾಲಕ್ಕೆ ತೆಗೆದಿಡುವ ಮೊತ್ತ, ತೆರಿಗೆ ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಶೇಷ. 20,000 ಕೋಟಿಗೂ ಮೀರಿದ ಆದಾಯ, ಹೆಚ್ಚುಕಡಿಮೆ ಅಷ್ಟೇ ಖರ್ಚು, ನಡುವೆ 359 ಕೋಟಿ ಉಳಿಕೆ. ಆ ವರ್ಷ ಕೆಲವು ದೊಡ್ಡ ಸಾಲಗಳು ಹೆಚ್ಚಾಗಿ ಕೆಟ್ಟಿದ್ದರೆ ಅದೇ ಉಳಿಕೆ ಸೊನ್ನೆಯೋ ಋಣವೋ ಆಗುತ್ತಿತ್ತು. ಇಂಥ ಶೇಷವನ್ನು ಛೇದದಲ್ಲಿಟ್ಟು ಭಾಗಿಸಿದಾಗ ಬರುವ ಅಂಕಿ ಬ್ಯಾಂಕಿನ ಸ್ಥಿತಿಗಿಂತ ಶೇಷದ ಆಕಸ್ಮಿಕ ಗಾತ್ರವನ್ನೇ ಹೇಳುತ್ತದೆ.

ಇದನ್ನು ತೋರಿಸಲು ಋಣ ಮೂಲವೇ ಬೇಕಿಲ್ಲ. ಮೇಲಿನ ಎರಡು ಕುಸಿತಗಳನ್ನು ಹೋಲಿಸಿ. ಮೊದಲನೆಯದರಲ್ಲಿ ಫಲಿತಾಂಶ 3,166 ಕೋಟಿಯಷ್ಟು ಕೆಳಗಿಳಿಯಿತು, ಎರಡನೆಯದರಲ್ಲಿ 3,582 ಕೋಟಿ. ಹಣದ ಲೆಕ್ಕದಲ್ಲಿ ಎರಡಕ್ಕೂ ಅಜಮಾಸು ಎಂಟನೇ ಒಂದರಷ್ಟು ವ್ಯತ್ಯಾಸ. ಶೇಕಡಾ ಲೆಕ್ಕದಲ್ಲಿ ಒಂದು 208, ಇನ್ನೊಂದು 998. ಎರಡನೆಯದು ಐದು ಪಟ್ಟು ಭೀಕರ. ಅದಕ್ಕೆ ಮುಖ್ಯ ಕಾರಣ ಎರಡನೇ ಕುಸಿತ ಶುರುವಾದ ವರ್ಷದ ಲಾಭ ಸಣ್ಣದಿತ್ತು ಎಂಬುದು. ಛೇದ ಸೊನ್ನೆಯತ್ತ ಸರಿದಷ್ಟೂ ಉತ್ತರ ಮಿತಿಯಿಲ್ಲದೆ ಉಬ್ಬುತ್ತದೆ, ಸೊನ್ನೆ ದಾಟಿದೊಡನೆ ಚಿಹ್ನೆ ತಿರುಗಿಸಿಕೊಂಡು ಆ ಕಡೆಯ ತುದಿಗೆ ಹಾರುತ್ತದೆ. ಸರಿಯಾಗಿ ಸೊನ್ನೆಯಲ್ಲಿ ಉತ್ತರವೇ ಇಲ್ಲ. ‘ಅನಂತ ಏರಿಕೆ’ ಎನ್ನೋಣವೆಂದರೆ ಸೊನ್ನೆಯಿಂದ ಒಂದು ರೂಪಾಯಿಗೆ ಏರಿದ್ದೂ ಸೊನ್ನೆಯಿಂದ ಸಾವಿರ ಕೋಟಿಗೆ ಏರಿದ್ದೂ ಒಂದೇ ಆಗುತ್ತವೆ. ಎಕ್ಸೆಲ್ ಅಲ್ಲಿ `#DIV/0!` ಎಂದು ಕೈಯೆತ್ತುವುದು ಪ್ರಾಮಾಣಿಕತನ. ಅದು ಚೆಂದ ಕಾಣುವುದಿಲ್ಲವೆಂದು ಅದನ್ನು ಮುಚ್ಚಿ 0 ಅಥವಾ 100 ಎಂದು ತುಂಬುವವರದ್ದು ತೇಪೆ ಕೆಲಸ.

ಆಕ್ಷೇಪಗಳು ಇಲ್ಲದಿಲ್ಲ. ಛೇದದ ಋಣ ಚಿಹ್ನೆ ತೆಗೆದು, ಅಂದರೆ A2 ಬದಲು `ABS(A2)` ಇಟ್ಟು ಭಾಗಿಸಿದರೆ ಏರಿಕೆ ಏರಿಕೆಯಾಗಿಯೇ ಕಾಣುತ್ತದಲ್ಲ ಎಂಬುದು ಮೊದಲನೆಯದು. ದಿಕ್ಕು ಸರಿಯಾಗುತ್ತದೆ, ಒಪ್ಪಿದೆ. ಬ್ಯಾಂಕಿನ 2016-17ರ ಚೇತರಿಕೆ ಆಗ ಶೇ. 122ರ ಏರಿಕೆ. ಆದರೆ ಬ್ಯಾಂಕು 1,643ರ ಬದಲು ಬರೀ 100 ಕೋಟಿ ನಷ್ಟದಿಂದ ಅದೇ 359 ಕೋಟಿ ಲಾಭಕ್ಕೆ ಬಂದಿತ್ತು ಎಂದುಕೊಳ್ಳಿ. ಆಗ ಸೂತ್ರ ಶೇ. 459 ಎನ್ನುತ್ತದೆ. ಎದ್ದದ್ದು 459 ಕೋಟಿಯಷ್ಟು ಮಾತ್ರ, ಹೊಗಳಿಕೆ ಸುಮಾರು ನಾಲ್ಕು ಪಟ್ಟು. 2,002 ಕೋಟಿಯಷ್ಟು ಎದ್ದವನಿಗೆ 122. ಆಳದ ಹೊಂಡದಿಂದ ಎದ್ದವನನ್ನು ಹಿಂದೆ ತಳ್ಳುವ ಅಳತೆಯನ್ನು ತಿದ್ದುಪಡಿ ಎನ್ನಲಾಗದು. ಇನ್ನೂ ಜಾಣತನದ ದಾರಿಯೆಂದು ಕೆಲವರು ಎರಡೂ ವರ್ಷಗಳ ಮೊತ್ತದ ಚಿಹ್ನೆ ಬಿಟ್ಟು ಸರಾಸರಿ ತೆಗೆದು ಅದರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ನಷ್ಟದಿಂದ ಲಾಭಕ್ಕೆ ದಾಟಿದ ಯಾವ ಸಂಸ್ಥೆಗಾದರೂ, ದಾಟಿದ ದೂರ ಎಷ್ಟೇ ಇರಲಿ, ಉತ್ತರ ಸದಾ 200. ಸೊನ್ನೆಯಿಂದ ಹೊರಟರೂ 200. ಎಲ್ಲರಿಗೂ ಒಂದೇ ಅಂಕ ಕೊಡುವ ಪರೀಕ್ಷೆ ಅದು.

ಇದು ಬ್ಯಾಂಕುಗಳ ಖಾಸಾ ಕಾಯಿಲೆಯೂ ಅಲ್ಲ. ಕಾಪು ವಿಧಾನಸಭಾ ಕ್ಷೇತ್ರದಲ್ಲಿ 2013ರಲ್ಲಿ ಲಾಲಾಜಿ ಮೆಂಡನ್ 1,855 ಮತಗಳಿಂದ ವಿನಯಕುಮಾರ್ ಸೊರಕೆ ಅವರಿಗೆ ಸೋತರು, 2018ರಲ್ಲಿ ಅದೇ ಎದುರಾಳಿಯನ್ನು 11,917 ಮತಗಳಿಂದ ಸೋಲಿಸಿದರು. ಮೆಂಡನ್ ಪಡೆದ ಮತ 50,927ರಿಂದ 75,893ಕ್ಕೆ ಏರಿತು, ಶೇ. 49ರ ಹೆಚ್ಚಳ ಎಂದರೆ ಅದಕ್ಕೆ ಅರ್ಥವಿದೆ, ಎಣಿಸಿದ ಮತದಿಂದ ಎಣಿಸಿದ ಮತಕ್ಕೆ ಹೋಲಿಕೆ. ಅಂತರವನ್ನೇ ಛೇದಕ್ಕೆ ಹಾಕಿದರೆ -742 ಬರುತ್ತದೆ. ಗೆದ್ದವರ ಹೆಸರಿನ ಮುಂದೆ ಶೇ. 742ರ ಇಳಿಕೆ! ಅವೇ ಎರಡು ಚುನಾವಣೆ, ಅದೇ ಸೂತ್ರ. ಮತ ಎಣಿಸಿದ್ದು, ಅಂತರ ಕಳೆದುಳಿದದ್ದು. ಒಂದರಲ್ಲಿ ಸೂತ್ರ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯದು.

ಸೊನ್ನೆಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ಮೊದಲು ಉಡುಪಿ ಜಿಲ್ಲೆಯಲ್ಲಿದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲ್ಲೂಕು. ಆಮೇಲೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಸೇರಿ ಏಳಾದವು. ತಾಲ್ಲೂಕುವಾರು ಪಟ್ಟಿಯಲ್ಲಿ ಕಾಪುವಿನ ಹಳೆಯ ವರ್ಷಗಳ ಜಾಗದಲ್ಲಿ ಸೊನ್ನೆ ತುಂಬಿದರೆ, ಅಲ್ಲಿ ಶಾಲೆ, ಗದ್ದೆ, ಪಡಿತರ ಚೀಟಿ ಯಾವುದೂ ಇರಲೇ ಇಲ್ಲವೆಂದಂತೆ. ಅವೆಲ್ಲ ಉಡುಪಿ ತಾಲ್ಲೂಕಿನ ಲೆಕ್ಕದಲ್ಲಿದ್ದವು. ಹೆಬ್ರಿಗೆ ಹೋದ ಊರುಗಳನ್ನು ಕಳೆಯದೆ ಕಾರ್ಕಳದ ಹಳೆಯ ಅಂಕಿಗೆ ಹೊಸದನ್ನು ಹೋಲಿಸಿದರೆ ಯಾರೂ ಊರು ಬಿಡದಿದ್ದರೂ ಕಾರ್ಕಳ ಕುಗ್ಗಿದಂತೆ ಕಾಣುತ್ತದೆ. ‘ಇರಲಿಲ್ಲ’ ಮತ್ತು ‘ಬೇರೆಡೆ ಇತ್ತು’ ಎರಡನ್ನೂ ಸೊನ್ನೆ ಎಂದು ಬರೆಯುವುದು ಶೇಕಡಾ ಲೆಕ್ಕಕ್ಕೂ ಮುಂಚಿನ ತಪ್ಪು.

ಓದುಗನಿಗೆ ಒಂದು ಅಂಕಿ ಬೇಕೇ ಬೇಕು ಎಂಬ ಕೊನೆಯ ವಾದಕ್ಕೆ ಉತ್ತರ ಬ್ಯಾಂಕಿಂಗ್‌ನಲ್ಲೇ ಇದೆ. ಲಾಭವನ್ನು ಹಿಂದಿನ ಲಾಭದಿಂದಲ್ಲ, ಒಟ್ಟು ಆಸ್ತಿಯಿಂದ ಭಾಗಿಸುವುದು ಅಲ್ಲಿ ಹಳೆಯ ರೂಢಿ. ಸಿಂಡಿಕೇಟ್ ಬ್ಯಾಂಕಿನ ಆಸ್ತಿ ಆ ವರ್ಷಗಳಲ್ಲಿ ಸುಮಾರು 3 ಲಕ್ಷ ಕೋಟಿ. ಆ ಲೆಕ್ಕದಲ್ಲಿ 2015-16ಕ್ಕೆ ಸರಿಸುಮಾರು ಶೇ. -0.5, ಮರುವರ್ಷ +0.1, ಅದರ ಮರುವರ್ಷ -1.1. ಛೇದ ಯಾವತ್ತೂ ಸೊನ್ನೆಯ ಹತ್ತಿರ ಬಾರದ್ದರಿಂದ ಬಿದ್ದದ್ದು, ಎದ್ದದ್ದು, ಮತ್ತೆ ಇನ್ನೂ ಆಳಕ್ಕೆ ಬಿದ್ದದ್ದು ಇದ್ದ ಹಾಗೆ ಕಾಣುತ್ತದೆ. ನಷ್ಟದಿಂದ ನಷ್ಟಕ್ಕೆ ಹೋದಾಗ ‘ನಷ್ಟ ಶೇ. 20ರಷ್ಟು ತಗ್ಗಿತು’ ಎನ್ನಲು ಅಡ್ಡಿಯಿಲ್ಲ. ಅಲ್ಲಿ ಅಳೆದದ್ದು ನಷ್ಟವನ್ನು, ಹಾಗೆಂದು ಹೇಳಿಯೂ ಇದೆ. ಚಿಹ್ನೆ ಬದಲಾದ ವರ್ಷ, ಅಥವಾ ಹಿಂದಿನ ವರ್ಷ ಸೊನ್ನೆಯಾಗಿದ್ದಾಗ, ಎರಡೂ ಮೊತ್ತಗಳನ್ನು ರೂಪಾಯಿಯಲ್ಲೇ ಬರೆದು ಶೇಕಡಾ ಕಾಲಂನಲ್ಲಿ ‘ಅನ್ವಯಿಸದು’ ಎಂದು ಬರೆಯಿರಿ.